ಹದಿನೆಂಟು ಗಂಟೆಯ ಸಾಲು

ಜವರಯ್ಯನಿಗೆ ಕೂತಲ್ಲಿ ಕೂರುವ ಜಾಯಮಾನವೇ ಇರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಅಂತ ಮಂಡಕಳ್ಳಿಯಲ್ಲಿ ಅವನ ತಾಯಿ ಊರಿಗೆಲ್ಲ ಹೇಳುತ್ತಿದ್ದಳು. ದನ ಮೇಯಿಸಲು ಕಳಿಸಿದರೆ ದನ ಮನೆಗೆ ಬರುತ್ತಿದ್ದವು, ಇವನು ಬರುತ್ತಿರಲಿಲ್ಲ. ಯಾವುದೋ ಬೇಲಿಯ ಮಗ್ಗುಲಲ್ಲಿ ನಿಂತು ಎಲೆ ಹಿಸುಕಿ ಮೂಸುತ್ತಿದ್ದ. ಆ ಮೂಸುವ ಚಟವೇ ಅವನನ್ನು ಮೈಸೂರಿನ ಕಾಲೇಜಿಗೆ ಎಳೆದು ತಂದು, ಸಸ್ಯಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿಸಿ, ಅದೇ ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್ ಕೆಲಸಕ್ಕೂ ಹಚ್ಚಿತು. ಮೇಷ್ಟ್ರು ಪಾಠ ಹೇಳಿದ ಮೇಲೆ ಹುಡುಗರ ಕೈಯಲ್ಲಿ ಪ್ರಯೋಗ ಮಾಡಿಸುವ ಕೆಲಸ ಅದು. ಅವನ ಮನೆತನದಲ್ಲಿ ಅಷ್ಟು ದೂರ ಓದಿದವರು ಇನ್ನೊಬ್ಬರಿರಲಿಲ್ಲ.

ಕೆಲಸವೇನೋ ಸಿಕ್ಕಿತು. ಆದರೆ ಅದೆಂಥ ಕೆಲಸ ಅಂತೀರಿ! ಜುಲೈಯಲ್ಲಿ ಆರ್ಡರು ಬರಬೇಕು, ಮಾರ್ಚಿಯಲ್ಲಿ ಮುಗಿಯಬೇಕು. ಮಧ್ಯೆ ಮೂರು ತಿಂಗಳು ಅವನು ಯಾರೂ ಅಲ್ಲ. ಹನ್ನೊಂದು ವರ್ಷ ಹೀಗೇ ಕಳೆಯಿತು. ವಿಭಾಗದಲ್ಲಿ ಇನ್ನಿಬ್ಬರು ಡೆಮಾನ್‌ಸ್ಟ್ರೇಟರುಗಳಿದ್ದರು, ಅವರು ಖಾಯಂ. ಜವರಯ್ಯ ಮೂರನೆಯವನು. ಭಾನುವಾರ ಭಾನುವಾರ ಹುಡುಗರನ್ನು ಚಾಮುಂಡಿ ಬೆಟ್ಟದ ತಪ್ಪಲಿಗೋ ಕೆರೆಯ ಏರಿಗೋ ಕರೆದುಕೊಂಡು ಹೋಗಿ ಗಿಡ ತೋರಿಸುವುದಕ್ಕೆ ಅಂತ ಇಟ್ಟುಕೊಂಡವನು. ಭಾನುವಾರದ ತಿರುಗಾಟ ಯಾವ ಕಾಗದದಲ್ಲೂ ಇರಲಿಲ್ಲ. ಕಾಗದದಲ್ಲಿ ಇಲ್ಲದ ಕೆಲಸ ಮಾಡುವವನು ಖಾಯಂ ಆಗುವುದು ಹೇಗೆ?

ಪ್ರತಿ ಜುಲೈಯಲ್ಲೂ ನಜರ್‌ಬಾದಿನ ಮನೆಯಲ್ಲಿ ಅವನ ಹೆಂಡತಿ ಲಕ್ಷ್ಮಮ್ಮ ಕೇಳುತ್ತಿದ್ದಳು: "ಈ ಸಲನಾದ್ರೂ ಗಟ್ಟಿ ಮಾಡ್ತಾರಾ?"

"ಮಾಡ್ತಾರೆ ಕಣೆ" ಅನ್ನುತ್ತಿದ್ದ. ಅಂದು, ಚಪ್ಪಲಿ ಮೆಟ್ಟಿಕೊಂಡು ಬೀದಿಯ ತುದಿಯವರೆಗೂ ಹೋಗಿ ಸುಮ್ಮನೆ ವಾಪಸು ಬರುತ್ತಿದ್ದ.

ಲಕ್ಷ್ಮಮ್ಮನಿಗೆ ಇನ್ನೊಂದು ದೂರೂ ಇತ್ತು. ಎರಡು ಕೋಣೆಯ ಆ ಮನೆಯಲ್ಲಿ ಎಲ್ಲಿ ಕೈಯಿಟ್ಟರೂ ಹಳೇ ಪೇಪರು, ಪೇಪರಿನ ಮಡಿಕೆಯಲ್ಲಿ ಗಿಡ. ಟ್ರಂಕಿನ ಕೆಳಗೆ ಗಿಡ, ರುಬ್ಬುವ ಗುಂಡಿನ ಕೆಳಗೆ ಗಿಡ, ಕೊನೆಗೆ ಮಲಗುವ ಹಾಸಿಗೆಯ ಕೆಳಗೂ ಗಿಡ. "ನಾನು ಸಂಸಾರ ಮಾಡ್ತಾ ಇರೋದು ಮನುಷ್ಯನ ಜೊತೆಗೋ, ಒಣಗಿದ ಸೊಪ್ಪಿನ ಜೊತೆಗೋ?" ಅಂತ ಅವಳು ರೇಗುತ್ತಿದ್ದಳು. ನ್ಯಾಯವಾದ ಮಾತೇ. ಆದರೆ ಈ ಹಾಸಿಗೆಯ ಕೆಳಗಿನ ಗಿಡಗಳ ಕಥೆ ಸ್ವಲ್ಪ ಬೇರೆ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ.

ಬಿ.ಎಸ್‌ಸಿ. ಹುಡುಗರು ಪ್ರತಿ ವರ್ಷ ಹತ್ತು ಗಿಡ ತಂದು, ಪೇಪರಿನಲ್ಲಿ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಹೆಸರು ಬರೆದು ಒಪ್ಪಿಸಬೇಕು. ಹರ್ಬೇರಿಯಂ ಅನ್ನುತ್ತಾರೆ. ಪ್ರಾಯೋಗಿಕ ಪರೀಕ್ಷೆಯ ಐವತ್ತು ಅಂಕದಲ್ಲಿ ಹತ್ತು ಇದಕ್ಕೆ. ಯಾರಾದರೂ ಹುಡುಗ ಫೆಬ್ರವರಿಯಲ್ಲಿ ಮುಖ ಸಣ್ಣದು ಮಾಡಿಕೊಂಡು ಬಂದು "ಸಾರ್, ಎರಡು ಹಾಳೆ ಕಡಿಮೆ ಬಿದ್ದಿದೆ" ಅಂದರೆ ಸಾಕು, ಜವರಯ್ಯನ ಕರುಳು ಚುರುಕ್ ಅನ್ನುತ್ತಿತ್ತು. ಮರುದಿನ ತಾನು ಒತ್ತಿಟ್ಟ ಎರಡು ಗಿಡ ತಂದು ಕೊಡುತ್ತಿದ್ದ. ಎರಡು ನಾಲ್ಕಾಯಿತು, ನಾಲ್ಕು ಹತ್ತಾಯಿತು. ಕೊಡುವವನಿದ್ದರೆ ಬೇಡುವವರಿಗೇನು ಬರ? ಹನ್ನೊಂದನೆಯ ವರ್ಷಕ್ಕೆ ಬರುವಷ್ಟರಲ್ಲಿ ಅರ್ಧಕ್ಕರ್ಧ ಕ್ಲಾಸು ಅವನ ಹಾಸಿಗೆಯ ಕೆಳಗಿನ ಗಿಡವನ್ನೇ ಅಂಟಿಸುತ್ತಿತ್ತು. ಎಲ್ಲರಿಗೂ ಹತ್ತಕ್ಕೆ ಹತ್ತು. ಜವರಯ್ಯ ಅದನ್ನು ತನ್ನ ಹೆಮ್ಮೆ ಅಂತಲೇ ಹೇಳಿಕೊಳ್ಳುತ್ತಿದ್ದ, ಪಾಪ.

ಹೀಗಿರುವಾಗ ಅರವತ್ತನಾಲ್ಕನೇ ಇಸವಿ ಜೂನಿನ ಕೊನೆಗೆ ವಿಶ್ವವಿದ್ಯಾನಿಲಯದಿಂದ ಒಂದು ಸುತ್ತೋಲೆ ಬಂತು. ಎಲ್ಲ ವಿಭಾಗದವರೂ ತಮ್ಮ ಪಠ್ಯಕ್ರಮವನ್ನು ಹೊಸ ನಮೂನೆಯಲ್ಲಿ ಬರೆದು ಕಳಿಸಬೇಕು. ಅಲ್ಲಿಯವರೆಗೆ ಪಠ್ಯಕ್ರಮ ಅಂದರೆ ಪಾಠಗಳ ಹೆಸರಿನ ಒಂದು ಪಟ್ಟಿ, ಅಷ್ಟೇ. ಈಗ ಹಾಳೆಗೆ ಉದ್ದುದ್ದ ಗೆರೆ ಎಳೆದು ನಾಲ್ಕು ಕಂಬ ಮಾಡಬೇಕು. ಮೊದಲನೆಯದರಲ್ಲಿ, ಕೊನೆಗೆ ವಿದ್ಯಾರ್ಥಿ ಏನು ಮಾಡಬಲ್ಲವನಾಗುತ್ತಾನೆ. ಎರಡನೆಯದರಲ್ಲಿ, ಅದು ಯಾವ ಘಟಕದಿಂದ ಬರುತ್ತದೆ. ಮೂರರಲ್ಲಿ, ಎಷ್ಟು ಗಂಟೆ. ನಾಲ್ಕರಲ್ಲಿ, ಅದು ಬಂದಿದೆಯೋ ಇಲ್ಲವೋ ಅಂತ ಹೇಗೆ ಪರೀಕ್ಷಿಸುತ್ತೀರಿ. 'ತಿಳಿದುಕೊಳ್ಳುತ್ತಾನೆ' ಅಂತ ಬರೆದರೆ ಒಪ್ಪುವುದಿಲ್ಲ, 'ಬಿಡಿಸುತ್ತಾನೆ', 'ಗುರುತಿಸುತ್ತಾನೆ', 'ಕತ್ತರಿಸಿ ತೋರಿಸುತ್ತಾನೆ' ಅಂತ ಕಣ್ಣಿಗೆ ಕಾಣುವ ಕೆಲಸವನ್ನೇ ಬರೆಯಬೇಕು. ಕೊನೆಯಲ್ಲಿ ಒಂದು ಸಾಲು: ಇನ್ನು ಮುಂದೆ ಹುದ್ದೆಗಳನ್ನು ಈ ಪಟ್ಟಿಯಲ್ಲಿರುವ ಗಂಟೆಗಳ ಮೇಲೆಯೇ ಖಾಯಂ ಮಾಡಲಾಗುವುದು.

ಆ ವರ್ಷದ ಆರ್ಡರಿಗಾಗಿ ಆಗಲೇ ಕಾಲೇಜಿಗೆ ಓಡಾಡುತ್ತಿದ್ದ ಜವರಯ್ಯ ಆ ಕೊನೆಯ ಸಾಲನ್ನು ನೋಟೀಸು ಬೋರ್ಡಿನ ಮುಂದೆ ನಿಂತು ನಾಲ್ಕು ಸಲ ಓದಿದ. ಪಟ್ಟಿಯಲ್ಲಿ ಗಂಟೆ ಇದ್ದರೆ ಹುದ್ದೆ ಉಂಟು. ಇಲ್ಲದಿದ್ದರೆ ಹನ್ನೊಂದು ವರ್ಷವೂ ನೀರಿನಲ್ಲಿ ಹೋಮ.

ವಿಭಾಗದ ಮುಖ್ಯಸ್ಥರು ಪ್ರೊಫೆಸರ್ ಗೋವಿಂದರಾಜು. ಪಂಚೆ, ಕೋಟು, ಜರಿ ಅಂಚಿನ ಪೇಟ. ಅರಮನೆಯ ಸೇವೆಯಲ್ಲಿದ್ದ ಮನೆತನ. ಮಾತು ಕಡಿಮೆ, ಮರ್ಯಾದೆ ಜಾಸ್ತಿ. ಜವರಯ್ಯ ಅವರ ಶಿಷ್ಯನೇ. ಸುತ್ತೋಲೆಯನ್ನು ಎರಡು ಬೆರಳಲ್ಲಿ ಹಿಡಿದು ಅವನ ಮುಂದೆ ಹಾಕಿದರು.

"ನಿನ್ನ ಕೈಬರಹ ಚೆನ್ನಾಗಿದೆಯಯ್ಯಾ. ಎರಡನೇ ವರ್ಷದ್ದು ನೀನೇ ಬರೆದುಬಿಡು. ನಾನು ಸಹಿ ಹಾಕ್ತೀನಿ."

ದೇವರು ಕೊಟ್ಟ ವರ ಅಂದರೆ ಇದೇ ಅನ್ನಿಸಿತು ಅವನಿಗೆ. ಮನೆಗೆ ಬಂದವನೇ ಚಾಪೆಯ ಮೇಲೆ ದೊಡ್ಡ ಹಾಳೆ ಹರಡಿಕೊಂಡು ಗೆರೆ ಎಳೆದ. ವರ್ಷಕ್ಕೆ ಇಪ್ಪತ್ತಾರು ವಾರ, ವಾರಕ್ಕೆ ಮೂರು ಗಂಟೆ ಪ್ರಾಯೋಗಿಕ, ಒಟ್ಟು ಎಪ್ಪತ್ತೆಂಟು. ಕಾಂಡ, ಬೇರು, ಎಲೆಗಳನ್ನು ತೆಳ್ಳಗೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದಕ್ಕೆ ಮೂವತ್ತಾರು ಗಂಟೆ. ಪಾಚಿ, ಬೂಷ್ಟುಗಳಿಗೆ ಇಪ್ಪತ್ತನಾಲ್ಕು. ಗಿಡಗಳ ವರ್ಗೀಕರಣಕ್ಕೆ ಹದಿನೆಂಟು. ಅದರ ಕೆಳಗೆ ಒಂದು ಹೊಸ ಸಾಲು ಬರೆದ: 'ಹೊರಗೆ ಬೆಳೆದು ನಿಂತ ನಮ್ಮ ಸುತ್ತಿನ ಗಿಡವನ್ನು ಕಂಡು ಅದರ ಕುಟುಂಬವನ್ನು ಗುರುತಿಸುತ್ತಾನೆ. ಘಟಕ ನಾಲ್ಕು. ಹೊರಸಂಚಾರ, ಹದಿನೆಂಟು ಗಂಟೆ. ಪರೀಕ್ಷೆ: ಹರ್ಬೇರಿಯಂ ಒಪ್ಪಿಸುವುದು, ಹತ್ತು ಅಂಕ.' ಬರೆದು, ಕೈಯನ್ನು ಪಂಚೆಗೆ ಒರೆಸಿಕೊಂಡು, ಆ ಸಾಲನ್ನೇ ನೋಡುತ್ತ ಕೂತ. ಒಂದು ನಿಮಿಷ ಪೂರ್ತಿ ಕೂತಿದ್ದ ಅಂತ ಲಕ್ಷ್ಮಮ್ಮ ಆಮೇಲೂ ಹೇಳುತ್ತಿದ್ದಳು.

ಗೋವಿಂದರಾಜು ಕೆಂಪು ಪೆನ್ಸಿಲು ಹಿಡಿದು ಕೂಡಿದರು.

"ತೊಂಬತ್ತಾರು ಆಗುತ್ತಲ್ಲಯ್ಯಾ! ಇರೋದು ಎಪ್ಪತ್ತೆಂಟು. ಹದಿನೆಂಟು ಗಂಟೆ ಎಲ್ಲಿಂದ ತಂದೆ?"

"ಭಾನುವಾರದ್ದು ಸಾರ್."

"ಭಾನುವಾರ ವೇಳಾಪಟ್ಟಿಯಲ್ಲಿ ಇಲ್ಲ. ಒಳಗೆ ಸೇರಬೇಕಾದರೆ ಒಳಗಿನದು ಏನಾದರೂ ಹೊರಗೆ ಹೋಗಬೇಕು. ಯಾವುದನ್ನ ಕಳಿಸ್ತೀಯ?"

ಜವರಯ್ಯ ಬೆರಳನ್ನು ಮೂವತ್ತಾರರ ಮೇಲಿಟ್ಟ. ಆ ಮೂವತ್ತಾರು ಗಂಟೆ ಗೋವಿಂದರಾಜು ಅವರ ಪ್ರಾಣ. ಕಾಂಡವನ್ನು ಬ್ಲೇಡಿನಲ್ಲಿ ಕತ್ತರಿಸಿದರೆ ಈರುಳ್ಳಿ ಸಿಪ್ಪೆ ನಾಚಬೇಕು, ಅಂಥ ಕೈ ಅವರದು. ಇನ್ನು ಬೈಗುಳ ಬಿತ್ತು ಅಂದುಕೊಂಡು ಅವನು ತಲೆ ತಗ್ಗಿಸಿ ನಿಂತ. ಪ್ರೊಫೆಸರು ಕೆಂಪು ಪೆನ್ಸಿಲನ್ನು ಮತ್ತೊಮ್ಮೆ ಚೂಪು ಮಾಡಿಕೊಂಡರು. ಕೊನೆಗೆ ಮೂವತ್ತಾರನ್ನು ಹೊಡೆದು ಇಪ್ಪತ್ತನಾಲ್ಕು ಮಾಡಿದರು, ವರ್ಗೀಕರಣದ ಹದಿನೆಂಟನ್ನು ಹನ್ನೆರಡು ಮಾಡಿದರು. ಹೊರಸಂಚಾರದ ಹದಿನೆಂಟು ಹಾಗೇ ಉಳಿಯಿತು. ಆರು ಶನಿವಾರ, ಶನಿವಾರಕ್ಕೆ ಮೂರು ಗಂಟೆ. ಲೆಕ್ಕ ಎಪ್ಪತ್ತೆಂಟಕ್ಕೆ ಸರಿಯಾಗಿ ಕೂತಿತು.

"ಹನ್ನೆರಡು ಗಂಟೆ ನನ್ನ ಹೊಟ್ಟೆ ಕೊಯ್ದು ಕೊಟ್ಟಿದ್ದೀನಿ, ಜವರಯ್ಯ. ಶನಿವಾರ ಈ ಪಟ್ಟಿಗಳನ್ನ ನೋಡೋಕೆ ವಿಶ್ವವಿದ್ಯಾನಿಲಯದ ಸಮಿತಿ ಬರುತ್ತೆ. ಅವರೆದುರು ನನ್ನ ಮರ್ಯಾದೆ ಉಳಿಸು" ಅಂದರು.

ಗುರುವಾರ ಹಾಳೆ ಟೈಪಿಗೆ ಹೋಯಿತು. ಆಫೀಸಿನ ಟೈಪಿಸ್ಟ್ ಭಾನುಮತಿ. ಬಾಯಿ ಚುರುಕು, ಬೆರಳು ಅದಕ್ಕಿಂತ ಚುರುಕು. ಸಮಿತಿಗೆ ಹತ್ತು ಪ್ರತಿ ಬೇಕು, ಆದ್ದರಿಂದ ಸ್ಟೆನ್ಸಿಲ್ ಕಾಗದದ ಮೇಲೆ ಹೊಡೆಯಬೇಕು, ಆಮೇಲೆ ಮಸಿಯ ಯಂತ್ರದಲ್ಲಿ ತಿರುಗಿಸಬೇಕು. ಸ್ಟೆನ್ಸಿಲಿನಲ್ಲಿ ಒಂದಕ್ಷರ ತಪ್ಪಿದರೆ ಉಗುರುಬಣ್ಣದಂಥ ಕೆಂಪು ದ್ರವ ಹಚ್ಚಿ, ಒಣಗುವವರೆಗೂ ಕಾದು, ಮತ್ತೆ ಹೊಡೆಯಬೇಕು. ಅದಕ್ಕೇ ಭಾನುಮತಿ ಹೊಡೆಯುವ ಮೊದಲು ಎಲ್ಲವನ್ನೂ ಒಂದು ಸಲ ಓದಿಬಿಡುತ್ತಿದ್ದಳು. ಆ ಇಡೀ ಕಾಲೇಜಿನಲ್ಲಿ ಎಲ್ಲ ವಿಭಾಗದ ಪಟ್ಟಿಯನ್ನೂ ಅಡ್ಡಡ್ಡಲಾಗಿ, ಎಡದಿಂದ ಬಲದ ತುದಿಯವರೆಗೆ ಓದಿದವಳು ಅವಳೊಬ್ಬಳೇ. ಮೇಷ್ಟ್ರುಗಳೆಲ್ಲ ಮೇಲಿಂದ ಕೆಳಕ್ಕೆ ಓದಿ ಗಂಟೆ ಕೂಡುತ್ತಿದ್ದರು, ಅಷ್ಟೇ.

"ಒಂದು ಕೇಳ್ಲಾ ಸಾರ್?" ಅಂದಳು. "ನನಗೆ ಗಿಡದ ವಿಷಯ ಗೊತ್ತಿಲ್ಲ. ಈ ಕೊನೇ ಸಾಲಲ್ಲಿ, ಈ ಕಡೆ 'ಗುರುತಿಸುತ್ತಾನೆ' ಅಂತಿದೆ, ಆ ಕಡೆ 'ಒಪ್ಪಿಸುವುದು' ಅಂತಿದೆ. ಒಪ್ಪಿಸಿಬಿಟ್ರೆ ಗುರುತಿಸಿದಂಗಾಯ್ತಾ? ನಮ್ಮಮ್ಮ ಹಪ್ಪಳ ಮಾಡಿ ಡಬ್ಬಿಗೆ ತುಂಬಿ ಕೊಡ್ತಾರೆ, ನಾನು ತಂದು ನಿಮಗೆಲ್ಲ ಹಂಚ್ತೀನಿ. ಅಷ್ಟಕ್ಕೇ ನನಗೆ ಹಪ್ಪಳ ಒತ್ತೋಕೆ ಬರುತ್ತೆ ಅಂತ ಅರ್ಥನಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗಾಯಿತು ಜವರಯ್ಯನಿಗೆ.

"ನಿಮ್ಮ ಕೆಲಸ ಟೈಪು ಮಾಡೋದು. ಇದ್ದಂಗೆ ಹೊಡೀರಿ" ಅಂತ ಸಿಡುಕಿದ.

"ಹೊಡೀತೀನಿ ಬಿಡಿ. ಕೇಳಿದ್ದೇ ತಪ್ಪಾಯ್ತು" ಅಂದು ಅವಳು ಮುಖ ತಿರುಗಿಸಿಕೊಂಡು ಟಕಟಕ ಶುರು ಮಾಡಿದಳು.

ಸಿಡುಕಿ ಹೊರಗೆ ಬಂದವನಿಗೆ ನಿಂತಲ್ಲಿ ನಿಲ್ಲಲು ಆಗಲಿಲ್ಲ. ಕಾರಿಡಾರಿನಲ್ಲಿ ಮೂರು ಸಲ ಅತ್ತಿಂದಿತ್ತ ತಿರುಗಿದ. ಸೈಕಲ್ ಸ್ಟ್ಯಾಂಡಿಗೆ ಹೋದ, ಯಾಕೆ ಹೋದೆ ಅಂತ ಮರೆತು ವಾಪಸು ಬಂದ. ಎಂಥ ಮಾತು ಆಡಿಬಿಟ್ಟಳು ಹುಡುಗಿ! ಛೇ, ಗಿಡ ಒತ್ತುವವನು ಗಿಡ ನೋಡದೆ ಒತ್ತುತ್ತಾನೆಯೇ? ನೋಡುತ್ತಾನೆ. ಯಾರು ಒತ್ತುತ್ತಾರೋ ಅವರು ನೋಡುತ್ತಾರೆ. ಅಲ್ಲಿಗೆ ಬಂದು ಅವನ ಯೋಚನೆ ಮುಗ್ಗರಿಸಿ ನಿಲ್ಲುತ್ತಿತ್ತು.

ಆಗ ಎದುರಿಗೆ ಅಲಮೇಲು ಬಂದಳು. ಎರಡನೇ ವರ್ಷದ ವಿದ್ಯಾರ್ಥಿನಿ. ಬುದ್ಧಿವಂತೆ. ಹೋದ ವರ್ಷ ಹರ್ಬೇರಿಯಂನಲ್ಲಿ ಅವಳಿಗೂ ಹತ್ತಕ್ಕೆ ಹತ್ತು. ಜವರಯ್ಯ ಪೀಠಿಕೆ ಗೀಠಿಕೆ ಏನೂ ಇಲ್ಲದೆ ಕಾಂಪೌಂಡಿನ ಗೋಡೆಯ ಬುಡಕ್ಕೆ ಬೆರಳು ತೋರಿಸಿದ. ಅಲ್ಲಿ ತುಂಬೆ ಗಿಡ, ಬಿಳಿ ಹೂವು ಬಿಟ್ಟುಕೊಂಡು ಮೊಣಕಾಲೆತ್ತರ ನಿಂತಿತ್ತು.

"ಅಲಮೇಲು, ಅದು ಯಾವ ಕುಟುಂಬ ಹೇಳಮ್ಮ."

ಅಲಮೇಲು ನೋಡಿದಳು. ಬಗ್ಗಿ ನೋಡಿದಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

"ತುಂಬೆ ಅಂತ ಗೊತ್ತು ಸಾರ್, ಶಿವಪೂಜೆಗೆ ತರ್ತಾರೆ. ಕುಟುಂಬ..."

"ಹೋದ ವರ್ಷ ನಿನ್ನ ಮೂರನೇ ಹಾಳೆ ಇದೇ ಅಲ್ವೇನಮ್ಮ?"

"ಹೌದು ಸಾರ್" ಅಂದಳು ಅಲಮೇಲು. ಆಮೇಲೆ ಬಹಳ ಪ್ರಾಮಾಣಿಕವಾಗಿ ಹೇಳಿದಳು: "ಕಾಗದದ ಮೇಲಿದ್ರೆ ಹೇಳ್ತೀನಿ ಸಾರ್."

ಅಯ್ಯೋ ಶಿವನೇ! ಯಾರಾದರೂ ಕೆನ್ನೆಗೆ ಬಾರಿಸಿದ್ದರೂ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ. ತುಂಬೆಯ ಕುಟುಂಬ ಗುರುತಿಸುವುದಕ್ಕೆ ಮಂತ್ರ ಬೇಡ, ಕಾಂಡವನ್ನು ಎರಡು ಬೆರಳ ನಡುವೆ ಉರುಳಿಸಿದರೆ ಸಾಕು. ನಾಲ್ಕು ಮೂಲೆ ಕೈಗೆ ತಾಕುತ್ತದೆ. ಎದುರುಬದುರು ಎಲೆ, ಎರಡು ತುಟಿಯ ಹೂವು, ನಾಲ್ಕು ಮೂಲೆಯ ಕಾಂಡ, ತುಳಸಿಯ ಕುಲ ಅಂತ ಕಣ್ಣು ಮುಚ್ಚಿ ಹೇಳಬಹುದು. ಆದರೆ ರುಬ್ಬುವ ಗುಂಡಿನ ಕೆಳಗೆ ಹದಿನೈದು ದಿನ ಮಲಗಿದ ಕಾಂಡಕ್ಕೆ ಮೂಲೆ ಎಲ್ಲಿಂದ ಬರಬೇಕು? ಅದು ಚಪ್ಪಟೆ. ತಾನೇ ಕೈಯಾರೆ ಚಪ್ಪಟೆ ಮಾಡಿ, ಹನ್ನೊಂದು ವರ್ಷ, ಹುಡುಗರ ಕೈಗೆ ಕೊಟ್ಟಿದ್ದ. ಅವರು ಗಿಡ ಮುಟ್ಟಲೇ ಇಲ್ಲ. ಭಾನುವಾರ ಹಿಂದೆ ಹಿಂದೆ ಬಂದರು, ಕಡಲೆಕಾಯಿ ತಿಂದರು, ನಗಾಡಿದರು, ಫೆಬ್ರವರಿಯಲ್ಲಿ ಬಂದು ಹಾಳೆ ಈಸಿಕೊಂಡು ಹೋದರು.

ಆ ದಿನ ಮನೆಗೆ ಬಂದು ಊಟದ ಮುಂದೆ ಕೂತ, ಎದ್ದ, ಮತ್ತೆ ಕೂತ.

"ಏನಾಯ್ತು ನಿಮಗೆ? ಮುದ್ದೆ ಆರೋಗ್ತದೆ" ಅಂದಳು ಲಕ್ಷ್ಮಮ್ಮ.

ಅವನು ಎಲ್ಲವನ್ನೂ ಹೇಳಿದ. ಸಾಲನ್ನು ಇದ್ದ ಹಾಗೇ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ಹುದ್ದೆ ಗಟ್ಟಿ. ಬದಲಾಯಿಸಿದರೆ, ಇಷ್ಟು ವರ್ಷ ಎಲ್ಲರಿಗೂ ಪೂರ್ತಿ ಅಂಕ ಬಂದಿರುವಾಗ ಯಾಕೆ ಬದಲಾಯಿಸಿದಿರಿ ಅಂತ ಸಮಿತಿ ಕೇಳಿಯೇ ಕೇಳುತ್ತದೆ. ಆಗ ಬಾಯಿ ಬಿಡಬೇಕು. ಬಾಯಿ ಬಿಟ್ಟರೆ ಪ್ರೊಫೆಸರ ಮರ್ಯಾದೆಯೂ ಹೋಯಿತು, ತನ್ನ ಕೆಲಸವೂ ಹೋಯಿತು. ಅತ್ತ ದರಿ, ಇತ್ತ ಪುಲಿ.

ಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಯೋಚಿಸಿದಳು. ಅವಳಿಗೂ ಆಸೆಯಿತ್ತು, ಯಾಕಿರಬಾರದು? ಹನ್ನೊಂದು ಬೇಸಿಗೆ ಅವಳು ತವರಿನಿಂದ ರಾಗಿ ತಂದು ಮನೆ ನಡೆಸಿದ್ದಳು.

"ನಂಗೇನು ಗೊತ್ತು ನಿಮ್ಮ ಕಾಗದ ಪತ್ರ" ಅಂದಳು ಕೊನೆಗೆ. "ಆದ್ರೆ ಒಂದು ಹೇಳ್ತೀನಿ. ಈಗ ನೀವು ಮನೇಲಿ ಐದು ನಿಮಿಷ ಕೂರಲ್ಲ. ಸುಳ್ಳು ಬರ್ದು ಕೆಲ್ಸ ಗಟ್ಟಿ ಮಾಡ್ಕಂಡ್ರೆ ಆಮೇಲೆ ಸಾಯೋತಂಕ ಕೂರಲ್ಲ. ಅದನ್ನ ನಾನು ನೋಡ್ಕಂಡಿರಕ್ಕಾಗಲ್ಲ ಬುಡಿ."

ಶುಕ್ರವಾರ ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆಯುವ ಮೊದಲೇ ಜವರಯ್ಯ ಮೆಟ್ಟಿಲ ಮೇಲೆ ನಿಂತಿದ್ದ. ಭಾನುಮತಿ ಬಂದವಳೇ ಅವನ ಮುಖ ನೋಡಿ, ನಿನ್ನೆಯ ಕೋಪ ಮರೆತು, "ಯಾವ ಸಾಲು ಸಾರ್?" ಅಂದಳು.

"ಕೊನೇದು. ಕೊನೇ ಕಂಬ. ಹರ್ಬೇರಿಯಂ ಹೊಡೆದುಹಾಕಿ. 'ಹೊರಗೆ ಬೆಳೆದು ನಿಂತ, ಸಂಖ್ಯೆ ಕಟ್ಟಿದ ಹತ್ತು ಗಿಡಗಳ ಮುಂದೆ ವಿದ್ಯಾರ್ಥಿಯನ್ನು ನಿಲ್ಲಿಸಿ ಗುರುತಿಸಲು ಹೇಳುವುದು, ಗಿಡಕ್ಕೆ ಒಂದು ಅಂಕ' ಅಂತ ಹಾಕಿ. ನಿನ್ನೆ ರೇಗಿಬಿಟ್ಟೆ, ಮನಸ್ಸಿಗೆ ಹಚ್ಕೋಬೇಡಿ ಕಣಮ್ಮ."

ಅವಳು ಕೆಂಪು ದ್ರವ ಹಚ್ಚಿ ಸ್ಟೆನ್ಸಿಲಿಗೆ ಉಫ್ ಉಫ್ ಅಂತ ಊದಿದಳು. ಅದು ಒಣಗುವಷ್ಟರಲ್ಲಿ ಅವನು ಆ ಕೋಣೆಯಲ್ಲಿ ಒಂದು ಮೈಲಿ ನಡೆದಿರಬೇಕು. ಪ್ರತಿ ತೆಗೆದದ್ದೇ ಪ್ರೊಫೆಸರಿಗೆ ಒಂದು ಕೊಟ್ಟ. ಅವರು ಮೇಲಿಂದ ಕೆಳಕ್ಕೆ ಗಂಟೆ ಕೂಡಿದರು, ಎಪ್ಪತ್ತೆಂಟು ಬಂತು, ಸಹಿ ಹಾಕಿದರು. ನಾಲ್ಕನೆಯ ಕಂಬ ಅವರು ನೋಡಲಿಲ್ಲ. ಹೇಳಬೇಕು ಅಂತ ಜವರಯ್ಯ ಬಾಯಿ ತೆರೆದ, ಧೈರ್ಯ ಸಾಲದೆ ಮುಚ್ಚಿದ. ಅದು ಅವನ ತಪ್ಪೇ, ನಾನು ಇಲ್ಲ ಅನ್ನುವುದಿಲ್ಲ.

ಶನಿವಾರ ಸಮಿತಿ ಬಂತು. ಮೂರು ಜನರಲ್ಲಿ ಸಸ್ಯಶಾಸ್ತ್ರ ಬಲ್ಲವರು ಶಾಂತಾದೇವಿ ಅನ್ನುವ ಹೆಂಗಸು. ಬಿಳಿ ಖಾದಿ ಸೀರೆ, ದಪ್ಪ ಕನ್ನಡಕ. ಅವರ ಹೆಸರು ಕೇಳಿದರೆ ಬೇರೆ ಕಾಲೇಜುಗಳ ಪ್ರೊಫೆಸರುಗಳೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಭಾನುಮತಿಯ ಹಾಗೆ ಅವರೂ ಅಡ್ಡಡ್ಡಲಾಗಿ ಓದುವವರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಒಂದೊಂದೇ ಸಾಲು ದಾಟಿ ಕೊನೆಯ ಸಾಲಿಗೆ ಬಂದರು.

"ಇದು ಹೊಸದು. ಹೋದ ವರ್ಷದವರೆಗೆ ಹರ್ಬೇರಿಯಂ ಇತ್ತಲ್ಲ? ಎಷ್ಟು ಅಂಕ ಬರ್ತಿತ್ತು?"

"ಎಲ್ಲರಿಗೂ ಪೂರ್ತಿ ಅಂಕ" ಅಂದರು ಗೋವಿಂದರಾಜು, ಸ್ವಲ್ಪ ಹೆಮ್ಮೆಯಿಂದಲೇ. ಆಮೇಲೆ ತಮ್ಮ ಪ್ರತಿಯನ್ನು ಕನ್ನಡಕಕ್ಕೆ ಹತ್ತಿರ ಹಿಡಿದರು. ಅವರ ಕುತ್ತಿಗೆ ಕೆಂಪಾಗುವುದು ಜವರಯ್ಯನಿಗೆ ಕಂಡಿತು.

"ಎಲ್ಲರಿಗೂ ಬರ್ತಿದ್ದರೆ ಬದಲಾಯಿಸಿದ್ದು ಯಾಕೆ? ಹೋಗಲಿ, ಹೋದ ವರ್ಷದ ಹಾಳೆ ತರಿಸಿ."

ಬೀರುವಿನಿಂದ ಆರು ಜನರ ಕಟ್ಟು ಬಂತು. ಶಾಂತಾದೇವಿ ಆರರಲ್ಲೂ ಉತ್ತರಾಣಿಯ ಹಾಳೆಯನ್ನೇ ಹುಡುಕಿ ಮೇಜಿನ ಮೇಲೆ ಸಾಲಾಗಿ ಇಟ್ಟರು. ಉತ್ತರಾಣಿ ಉದ್ದ ಗಿಡ, ಹಾಳೆಗೆ ಹಿಡಿಸದು, ಮಡಿಸಿ ಒತ್ತಬೇಕು. ಆರು ಗಿಡವೂ ಒಂದೇ ಅಳತೆಯಲ್ಲಿ ಎರಡು ಕಡೆ ಮಡಿದಿದ್ದವು. ಆರರಲ್ಲೂ ಕೆಳಗಿನಿಂದ ಎರಡನೆಯ ಎಲೆಯನ್ನು ಬೆನ್ನು ಕಾಣುವ ಹಾಗೆ ತಿರುಗಿಸಿತ್ತು. ಹೆಸರು ಮಾತ್ರ ಆರು ಜನರದು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಅಷ್ಟೇ. ಜವರಯ್ಯನ ಕಾಲು ಬಾಗಿಲ ಕಡೆ ಎಳೆಯುತ್ತಿತ್ತು. ಓಡಿಹೋಗಬಹುದಿತ್ತು, ಬೆಟ್ಟದ ತಪ್ಪಲಿನವರೆಗೂ ಓಡಬಹುದಿತ್ತು. ಜೀವನದಲ್ಲಿ ಮೊದಲ ಸಲ ಅವನು ನಿಂತ ಕಡೆ ನಿಂತ.

"ಆರೂ ನಾನೇ ಒತ್ತಿದ್ದು ಮೇಡಂ" ಅಂದ. "ಹುಡುಗ್ರು ಕೇಳ್ತಿದ್ರು, ಕೊಡ್ತಿದ್ದೆ. ದುಡ್ಡಿಗಲ್ಲ, ಮೆಚ್ಚುಗೆಗೆ ಇರಬೇಕು. ಅಂಕ ಬಂದಿದ್ದು ಅವರಿಗಲ್ಲ, ನನಗೆ. ಮೊನ್ನೆ ಒಬ್ಬ ಹುಡುಗೀನ ತುಂಬೆ ಮುಂದೆ ನಿಲ್ಲಿಸಿದೆ. ಅವಳಿಗೆ ಗೊತ್ತಾಗಲಿಲ್ಲ. ಅವಳ ತಪ್ಪಲ್ಲ, ನಾನು ಕಲಿಸೇ ಇಲ್ಲ. ಪ್ರೊಫೆಸರ್ ಸಾಹೇಬ್ರಿಗೆ ಇದು ಗೊತ್ತಿರಲಿಲ್ಲ. ಅವರನ್ನ ಏನೂ ಅನ್ನಬೇಡಿ."

ಗೋವಿಂದರಾಜು ಪೇಟ ತೆಗೆದು ಮೇಜಿನ ಮೇಲಿಟ್ಟರು. ಅವರು ಪೇಟ ತೆಗೆದದ್ದನ್ನು ಕಾಲೇಜಿನಲ್ಲಿ ಯಾರೂ ನೋಡಿರಲಿಲ್ಲ.

ಶಾಂತಾದೇವಿ ಆರು ಹಾಳೆಗಳನ್ನೂ ಮತ್ತೆ ಕಟ್ಟಿಗೆ ಸೇರಿಸಿದರು. "ಜವರಯ್ಯನವರೇ, ನೀವು ಮಾಡಿದ್ದು ಸಣ್ಣ ತಪ್ಪಲ್ಲ. ಅದನ್ನ ನಿಮ್ಮ ಕಾಲೇಜು ನೋಡಿಕೊಳ್ಳಲಿ. ನನ್ನ ಕೆಲಸ ಈ ಹಾಳೆ. ಗುರುತಿಸಬೇಕು ಅಂತ ಒಂದು ಕಡೆ ಬರೆದು, ಗುರುತಿಸಿದ್ದಾನೋ ಅಂತಲೇ ಇನ್ನೊಂದು ಕಡೆ ಪರೀಕ್ಷಿಸ್ತೀನಿ ಅಂದಿದ್ದೀರಿ. ಇವತ್ತು ನಾನು ನೋಡಿದ ಹನ್ನೆರಡು ಪಟ್ಟಿಯಲ್ಲಿ ಎರಡು ತುದಿ ಒಂದಕ್ಕೊಂದು ಹೊಂದಿದ್ದು ಇದೊಂದೇ ಸಾಲು." ಅಂದು, ಹದಿನೆಂಟರ ಪಕ್ಕದಲ್ಲಿ ಸಹಿ ಹಾಕಿದರು.

ಸಾಲು ಉಳಿಯಿತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ? ಗಂಟೆ ಮಂಜೂರಾದರೂ ಹುದ್ದೆಗೆ ಶಿಫಾರಸು ಬರೆಯುವವರು ಗೋವಿಂದರಾಜು. ಆ ವರ್ಷದ ತಾತ್ಕಾಲಿಕ ಆರ್ಡರಿಗೇನೋ ಅವರು ಸಹಿ ಹಾಕಿದರು. ಹಾಕುವಾಗ ತಲೆಯೆತ್ತಲಿಲ್ಲ.

"ನನ್ನ ಹನ್ನೆರಡು ಗಂಟೆ ನಿನ್ನ ಹತ್ತಿರ ಇದೆ" ಅಂದರು. "ಮಾರ್ಚಿಯಲ್ಲಿ ಆ ಹೊಸ ಪರೀಕ್ಷೆ ನಾನೇ ನಡೆಸ್ತೀನಿ. ಕ್ಲಾಸಿನ ಸರಾಸರಿ ಐದು ದಾಟಿದರೆ ಖಾಯಂಗೆ ಬರೀತೀನಿ. ದಾಟದಿದ್ದರೆ ಮುಂದಿನ ಜುಲೈಗೆ ನನ್ನ ಬಾಗಿಲಿಗೆ ಬರಬೇಡ."

ಅಂದಿನಿಂದ ಆರು ಶನಿವಾರ ಜವರಯ್ಯ ಹುಡುಗರನ್ನು ಹಿಂಡಿ ಹಿಪ್ಪೆ ಮಾಡಿದ. ಯಾರ ಕೈಯಲ್ಲೂ ಕಡಲೆಕಾಯಿ ಇಲ್ಲ, ಎಲ್ಲರ ಕೈಯಲ್ಲೂ ಗಿಡ. "ನೋಡಬೇಡ, ಮುಟ್ಟು! ಹಿಸುಕು! ಮೂಸು! ಹಾಲು ಬರುತ್ತಾ ನೋಡು!" ಅಂತ ಎಕ್ಕದ ಪೊದೆಯಿಂದ ತಂಗಡಿಯ ಪೊದೆಗೆ, ತಂಗಡಿಯಿಂದ ಬೇಲಿಗೆ ಓಡಾಡುತ್ತಿದ್ದ. ಫೆಬ್ರವರಿಯಲ್ಲಿ ಇಬ್ಬರು ಹುಡುಗರು ಹಳೆಯ ಅಭ್ಯಾಸದಲ್ಲಿ ಬಂದು, ಗಿಡಗಳ ಕುಟುಂಬ ಬರೆದುಕೊಡಿ ಸಾರ್ ಅಂತ ಹಲ್ಲು ಗಿಂಜಿದರು. "ಹೋಗ್ರಲೋ, ಬೆಟ್ಟ ಅಲ್ಲೇ ಇದೆ" ಅಂದು ಬಾಗಿಲು ಹಾಕಿಕೊಂಡ. ಹಾಕಿಕೊಂಡು ಒಳಗೆ ಸಂಕಟಪಟ್ಟ. ಇಲ್ಲ ಅನ್ನುವುದು ಅವನ ರಕ್ತದಲ್ಲೇ ಇರಲಿಲ್ಲ.

ಮಾರ್ಚಿ ಬಂತು. ಕಾಲೇಜಿನ ಹಿತ್ತಲಲ್ಲಿ ಹತ್ತು ಗಿಡಕ್ಕೆ ಗೋವಿಂದರಾಜು ತಾವೇ ದಾರದಲ್ಲಿ ಸಂಖ್ಯೆ ಕಟ್ಟಿದರು. ಜವರಯ್ಯ ಗೇಟಿನಿಂದ ಒಳಗೆ ಬರಕೂಡದು ಅಂತ ಕಟ್ಟಪ್ಪಣೆ. ಅವನು ಗೇಟಿನ ಕಂಬಿ ಹಿಡಿದು ನಿಂತ, ಬಿಟ್ಟ, ರಸ್ತೆ ದಾಟಿದ, ಮತ್ತೆ ಬಂದು ಹಿಡಿದ. ಮೊದಲು ಬಂದ ಹುಡುಗ ಗಿಡದಿಂದ ಗಿಡಕ್ಕೆ ಹೋಗುವುದು ಕಾಣುತ್ತಿತ್ತು, ಏನು ಬರೆದ ಅನ್ನುವುದು ಕಾಣುತ್ತಿರಲಿಲ್ಲ. ಇದಕ್ಕಿಂತ ಹಿಂಸೆ ಬೇರೆ ಉಂಟೇ?

ಹದಿನೇಳನೆಯವಳಾಗಿ ಅಲಮೇಲು ಬಂದಳು. ಆರನೆಯ ಗಿಡದ ಮುಂದೆ ನಿಂತಳು. ಅದು ತುಂಬೆಯಲ್ಲ. ತರಗತಿಯಲ್ಲಾಗಲಿ ಬೆಟ್ಟದಲ್ಲಾಗಲಿ ಜವರಯ್ಯ ಒಮ್ಮೆಯೂ ತೋರಿಸದ ಯಾವುದೋ ತೋಟದ ಗಿಡ, ಪ್ರೊಫೆಸರು ಬೇಕೆಂದೇ ಹುಡುಕಿ ಕಟ್ಟಿದ್ದು. ಅಲಮೇಲು ಸುಮ್ಮನೆ ನಿಂತಳು. ಆಮೇಲೆ ಅವಳು ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತಳು. ಗಿಡದ ಕಾಂಡವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದಳು. ಕಣ್ಣು ಮುಚ್ಚಿಕೊಂಡಳು. ಮೆಲ್ಲಗೆ ಉರುಳಿಸಿದಳು, ಒಂದು, ಎರಡು, ಮೂರು, ನಾಲ್ಕು. ಕಣ್ಣು ತೆರೆದು, ನಕ್ಕು, ಕಾಗದದ ಮೇಲೆ ಬರೆದಳು.

ಗೇಟಿನ ಹೊರಗೆ ನಿಂತವನಿಗೆ ಅಳು ಬಂದುಬಿಟ್ಟಿತು. ಮೂವತ್ತಾರು ವರ್ಷದ ಗಂಡಸು, ನಡುರಸ್ತೆಯಲ್ಲಿ, ಹಾಡುಹಗಲು.

ಸಂಜೆಗೆ ಗೋವಿಂದರಾಜು ಕರೆಸಿದರು. ಮುಂದೆ ಅಂಕಪಟ್ಟಿ. "ಹತ್ತಕ್ಕೆ ಹತ್ತು ಒಬ್ಬರಿಗೂ ಇಲ್ಲ" ಅಂದರು.

"ಇಲ್ವಾ ಸಾರ್."

"ಎಂಟು ಬಂದಿದ್ದು ಮೂರು ಜನಕ್ಕೆ. ಎರಡು ಬಂದವರೂ ಇದ್ದಾರೆ. ಸರಾಸರಿ ಆರು ಚಿಲ್ಲರೆ." ಪಟ್ಟಿಯನ್ನು ಮಡಿಸಿದರು. "ಇಷ್ಟು ವರ್ಷಕ್ಕೆ ಇದು ನಿನ್ನ ಮೊದಲನೇ ನಿಜವಾದ ಅಂಕಪಟ್ಟಿ ಕಣಯ್ಯಾ. ನಾನೂ ಒಂದು ಸಲ ಅಡ್ಡಡ್ಡಲಾಗಿ ಓದಬೇಕಿತ್ತು." ಅಷ್ಟು ಹೇಳಿ ಶಿಫಾರಸಿಗೆ ಸಹಿ ಹಾಕಿದರು, ಈ ಸಲ ತಲೆಯೆತ್ತಿ ಅವನನ್ನು ನೋಡಿದರು.

ಮರುದಿನ ಭಾನುವಾರ. ಮಧ್ಯಾಹ್ನ ಊಟವಾದ ಮೇಲೆ ಲಕ್ಷ್ಮಮ್ಮ ಹಾಸಿಗೆ ಒಣಗಿಹಾಕಲು ಎತ್ತಿದಳು. ಕೆಳಗೆ ಒಂದು ಪೇಪರೂ ಇರಲಿಲ್ಲ, ಒಂದು ಎಲೆಯೂ ಇರಲಿಲ್ಲ. ಬರೀ ನೆಲ. ಏನು ಹೇಳಲಿ ಅಂತ ತಿರುಗಿ ನೋಡಿದರೆ, ಜಗಲಿಯ ಕಂಬಕ್ಕೆ ಒರಗಿಕೊಂಡು ಕಾಲು ಚಾಚಿ ಕೂತಿದ್ದ ಜವರಯ್ಯ ಕೂತಲ್ಲೇ ನಿದ್ದೆ ಹೋಗಿದ್ದ.

ಅವಳು ಎಬ್ಬಿಸಲಿಲ್ಲ.